ಫೋಟೊ ನೋಡಿ ‘ಪ್ಯೂರ್ ಮುಧೋಳ’ ಎನ್ನಬಹುದೇ?

ವಿಜಯಪುರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು: ಸಪೂರ ದೇಹ, ಉದ್ದ ಮೂತಿಯ ನಾಯಿಯ ಫೋಟೊ, ಕೆಳಗೆ ‘ಪ್ಯೂರ್ ಮುಧೋಳ, ಮರಿ ಬೇಕಾದವರು ಫೋನ್ ಮಾಡಿ’. ತಿಕೋಟಾ, ಬಬಲೇಶ್ವರದ ಕಡೆಯವರಿಗೆ ಮುಧೋಳ ದೂರದ ಊರಲ್ಲ, ನಂಬಿಕೆ ಬೇಗ ಬರುತ್ತದೆ. ಆದರೆ ಫೋಟೊದಿಂದ ತಳಿ ಖಚಿತವಾಗುತ್ತದೆಯೇ? ಇಲ್ಲ.

ಫೋಟೊ ಏನು ಮುಚ್ಚಿಡುತ್ತದೆ?

ಮುಧೋಳ ನಾಯಿಗೆ ಕಿರಿದಾದ ತಲೆ, ಆಳವಾದ ಎದೆ, ಒಳಸೇರಿದ ಹೊಟ್ಟೆ, ನೀಳ ಕಾಲು ಇರುತ್ತವೆ. ಆದರೆ ಹಸಿವಿನಿಂದಲೋ ಜಂತುಹುಳುವಿನಿಂದಲೋ ಬಡಕಲಾದ ಊರನಾಯಿಯ ಹೊಟ್ಟೆಯೂ ಒಳಸೇರಿರುತ್ತದೆ. ಮೊಬೈಲನ್ನು ಮುಖದ ಹತ್ತಿರ ಹಿಡಿದು ತೆಗೆದರೆ ಯಾವ ನಾಯಿಯ ಮೂತಿಯೂ ಉದ್ದವಾಗಿ ಕಾಣುತ್ತದೆ. ಎತ್ತರವಂತೂ ಫೋಟೊದಲ್ಲಿ ತಿಳಿಯುವುದೇ ಇಲ್ಲ. ಎರಡು ತಿಂಗಳ ಮರಿಯಾದರೆ ಕಾಲು, ಮೂತಿ ಇನ್ನೂ ಬೆಳೆಯಬೇಕಿರುತ್ತದೆ.

ಮಿಶ್ರತಳಿಯ ಲೆಕ್ಕ

ಮುಧೋಳ ನಾಯಿಗೂ ಊರನಾಯಿಗೂ ಮರಿ ಹುಟ್ಟಿತು ಎಂದುಕೊಳ್ಳೋಣ. ಆ ಮರಿಯಲ್ಲಿ ಮುಧೋಳದ ಪಾಲು ಅರ್ಧ. ಅದು ಮತ್ತೆ ಊರನಾಯಿಯ ಜೊತೆ ಕೂಡಿದರೆ ಮುಂದಿನ ಮರಿಗಳಲ್ಲಿ ಸರಾಸರಿ ಕಾಲು ಭಾಗ. ಆದರೂ ಅವುಗಳಲ್ಲಿ ಒಂದು ಅಜ್ಜನಂತೆಯೇ ನೀಳವಾಗಿರಬಹುದು, ಒಡಹುಟ್ಟಿದ ಇನ್ನೊಂದು ಹಾಗೆ ಕಾಣದೇ ಇರಬಹುದು. ಏಕೆಂದರೆ ಕೂದಲು, ಬಣ್ಣದಂಥ ಗುಣಗಳನ್ನು ಕೆಲವೇ ಜೀನ್‌ಗಳು ನಿರ್ಧರಿಸುತ್ತವೆ. ಉಳಿದ ಸಾವಿರಾರು ಜೀನ್‌ಗಳು ಎಲ್ಲಿಂದ ಬಂದವು ಎಂಬುದು ಮೈಮೇಲೆ ಕಾಣುವುದಿಲ್ಲ.

ಅಮೆರಿಕದಲ್ಲಿ ದತ್ತು ಕೇಂದ್ರಗಳಿಂದ ಬಂದ 20 ನಾಯಿಗಳ ಡಿಎನ್‌ಎಯನ್ನು ಪರೀಕ್ಷಿಸಿ 2009ರಲ್ಲಿ ವರದಿ ಪ್ರಕಟಿಸಲಾಯಿತು. ಕೇಂದ್ರದವರು ನಾಯಿಯನ್ನು ಕಣ್ಣೆದುರೇ ನೋಡಿ ಹೇಳಿದ್ದ ತಳಿಗಳು ಬಹುಪಾಲು ನಾಯಿಗಳಲ್ಲಿ ಡಿಎನ್‌ಎ ಫಲಿತಾಂಶಕ್ಕೆ ಹೊಂದಲಿಲ್ಲ.

ಸ್ವಭಾವವಾದರೂ ತಿಳಿಯುತ್ತದೆಯೇ?

ಅದೂ ಕಷ್ಟ. ‘ಸೈನ್ಸ್’ ಪತ್ರಿಕೆಯಲ್ಲಿ 2022ರಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ, ನಾಯಿಗಳ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇ 9ರಷ್ಟನ್ನು ಮಾತ್ರ ತಳಿ ವಿವರಿಸುತ್ತದೆ. ಮಕ್ಕಳಿರುವ ಮನೆಗೆ ನಾಯಿ ತರುವವರು ಈ ಮಾತು ನೆನಪಿಡಬೇಕು.

ಹಾಗಾದರೆ ಏನು ಮಾಡಬೇಕು?

ಮರಿ ಹುಟ್ಟಿದ ಜಾಗಕ್ಕೇ ಹೋಗಿ. ತಾಯಿ, ತಂದೆ, ಒಡಹುಟ್ಟಿದ ಮರಿಗಳನ್ನು ಒಟ್ಟಿಗೆ ನೋಡಿ. ಒಂದೇ ಸೂಲಿನ ಮರಿಗಳು ಒಂದಕ್ಕೊಂದು ತೀರಾ ಬೇರೆಯಾಗಿದ್ದರೆ ಅನುಮಾನಪಡಿ. ತಂದೆ-ತಾಯಿಯ ದಾಖಲೆ ಕೇಳಿ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶು ವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಅಲ್ಲಿ ವಿಚಾರಿಸಬಹುದು. ಡಿಎನ್‌ಎ ಪರೀಕ್ಷೆ ಮಾಡಿಸುವುದಾದರೆ ಆ ಕಂಪನಿಯ ಪಟ್ಟಿಯಲ್ಲಿ ಮುಧೋಳ ಇದೆಯೇ ಎಂದು ಮೊದಲು ಕೇಳಿ. ಪಟ್ಟಿಯಲ್ಲಿ ಇಲ್ಲದ ತಳಿಯನ್ನು ಪರೀಕ್ಷೆ ಗುರುತಿಸಲಾರದು, ಹತ್ತಿರದ ಬೇರಾವುದೋ ತಳಿಯ ಹೆಸರು ಕೊಡಬಹುದು.

ನಮ್ಮ ತೀರ್ಮಾನ: ‘ಮುಧೋಳದಂತೆ ಕಾಣುತ್ತದೆ’ ಎಂದರೆ ಸರಿ. ಫೋಟೊ ಒಂದನ್ನೇ ನಂಬಿ ‘ಪ್ಯೂರ್ ಮುಧೋಳ’ ಎಂದರೆ ಅದು ಊಹೆ. ಅದಕ್ಕೆ ಮುಂಗಡ ಹಣ ಕಳಿಸಬೇಡಿ.