ಚಟ್ನಿಪುಡಿಗೆ ಒಡತಿ ಯಾರು?

ಮನೆಯಲ್ಲೇ ಸಾರಿನ ಪುಡಿ, ಹಪ್ಪಳ ಮಾಡಿ ಮಾರುವವರು ಸಾಲಕ್ಕೆಂದು ಬ್ಯಾಂಕಿಗೆ ಹೋದರೆ ಎದುರಾಗುವ ಮೊದಲ ಪ್ರಶ್ನೆ ‘ಉದ್ಯಮ್ ಮಾಡಿಸಿದ್ದೀರಾ?’ ಎಂಬುದು. ಸಣ್ಣ ಉದ್ಯಮಗಳನ್ನು ನೋಡಿಕೊಳ್ಳುವ ಕೇಂದ್ರ ಸಚಿವಾಲಯ 2020ರ ಜುಲೈ 1ರಿಂದ ನಡೆಸುತ್ತಿರುವ ನೋಂದಣಿ ಇದು. ಇದಕ್ಕಿರುವುದು udyamregistration.gov.in ಎಂಬ ಒಂದೇ ತಾಣ. ಶುಲ್ಕ ಇಲ್ಲ, ಯಾವ ದಾಖಲೆಯನ್ನೂ ಅಪ್‌ಲೋಡ್ ಮಾಡಬೇಕಿಲ್ಲ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆಯ ವಿವರ ಮತ್ತು ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ ಸಾಕು. ಹುಡುಕಿದಾಗ ಮೇಲೆ ಕಾಣುವ ಕೆಲವು ತಾಣಗಳು ಸರ್ಕಾರದ್ದೇ ಎಂಬ ಸೋಗಿನಲ್ಲಿ ಸಾವಿರ, ಎರಡು ಸಾವಿರ ಕೇಳುತ್ತವೆ. ವಿಳಾಸದ ಕೊನೆಯಲ್ಲಿ gov.in ಇಲ್ಲದಿದ್ದರೆ ಅಲ್ಲಿಂದ ಹೊರಬನ್ನಿ.

ದಾಖಲೆ ಕೇಳದಿರುವುದು ಸಲೀಸೂ ಹೌದು, ತೊಡಕೂ ಹೌದು. ಇದು ಸ್ವಯಂ ಘೋಷಣೆಯಾದ್ದರಿಂದ ತಪ್ಪು ಉತ್ತರ ಕೊಟ್ಟರೂ ಅನೇಕ ಸಲ ಪ್ರಮಾಣಪತ್ರ ಬಂದುಬಿಡುತ್ತದೆ. ತಪ್ಪು ಹೊರಬೀಳುವುದು ಆಮೇಲೆ, ಬ್ಯಾಂಕಿನಲ್ಲಿ, ತೆರಿಗೆ ಕಚೇರಿಯಲ್ಲಿ ಅಥವಾ ಮನೆಯ ಜಗಲಿಯಲ್ಲಿ. ಆ ಅರ್ಜಿಯಲ್ಲಿ ಹತ್ತಾರು ಕಲಂಗಳಿದ್ದರೂ ನಿಂತು ಯೋಚಿಸಬೇಕಾದವು ಎರಡು. ಈ ಉದ್ಯಮ ಯಾರದ್ದು ಎಂಬುದು ಒಂದು, ಇಲ್ಲಿ ಏನು ನಡೆಯುತ್ತದೆ ಎಂಬುದು ಇನ್ನೊಂದು.

ತುಮಕೂರಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಓರಗಿತ್ತಿಯರಿಬ್ಬರು ಸೇರಿ ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ ಮಾಡುತ್ತಾರೆ. ಹದ ನೋಡುವುದು ಹಿರಿಯಾಕೆ. ಪ್ಯಾಕೆಟ್ಟು, ವಾಟ್ಸ್ಆ್ಯಪ್ ಆರ್ಡರು, ಲೆಕ್ಕ ಎಲ್ಲ ಕಿರಿಯಾಕೆಯದು. ಪುಡಿ ಮಾಡುವ ಯಂತ್ರಕ್ಕೆ ಇಬ್ಬರೂ ಅರ್ಧರ್ಧ ಹಾಕಿದ್ದಾರೆ. ವರ್ಷಕ್ಕೆ ಸುಮಾರು ಆರು ಲಕ್ಷದ ಮಾರಾಟ, ಖರ್ಚು ಕಳೆದು 2,40,000 ರೂಪಾಯಿ ಉಳಿಕೆ. ಹಣವೆಲ್ಲ ಬಂದು ಬೀಳುವುದು ಹಿರಿಯಾಕೆಯ ಉಳಿತಾಯ ಖಾತೆಗೆ. ಇಷ್ಟು ದಿನ ಯಾರಿಗೂ ಅದು ಸಮಸ್ಯೆ ಅನಿಸಿಲ್ಲ.

ಅರ್ಜಿಯ ‘ಸಂಸ್ಥೆಯ ಬಗೆ’ ಎಂಬ ಕಲಮಿನಲ್ಲಿ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಏಕಮಾಲೀಕತ್ವ, ಹಿಂದೂ ಅವಿಭಕ್ತ ಕುಟುಂಬ, ಪಾಲುದಾರಿಕೆ, ಎಲ್‌ಎಲ್‌ಪಿ, ಕಂಪನಿ, ಸಹಕಾರ ಸಂಘ, ಸ್ವಸಹಾಯ ಗುಂಪು ಹೀಗೆ. ಇಬ್ಬರು ಸೇರಿ ಮಾಡುತ್ತಿದ್ದೇವಲ್ಲ ಎಂದು ಪಾಲುದಾರಿಕೆಯನ್ನು ಒತ್ತಿದರೆ ಅರ್ಜಿ ಪಾಲುದಾರಿಕೆಯ ಪ್ಯಾನ್ ಕೇಳುತ್ತದೆ. ಬಹಳ ಮಂದಿ ಮುಗ್ಗರಿಸುವುದು ಇಲ್ಲೇ. ಪಟ್ಟಿಯಲ್ಲಿ ಆರಿಸಿದ ಮಾತ್ರಕ್ಕೆ ಪಾಲುದಾರಿಕೆ ಹುಟ್ಟುವುದಿಲ್ಲ. ಆಗಲೇ ಇರುವುದನ್ನು ಈ ತಾಣ ದಾಖಲಿಸಿಕೊಳ್ಳುತ್ತದೆ, ಅಷ್ಟೆ. ನಿಮ್ಮ ಪ್ಯಾನ್ ಕಾರ್ಡಿನ ನಾಲ್ಕನೇ ಅಕ್ಷರ ನೋಡಿ. P ಇದ್ದರೆ ಅದು ಒಬ್ಬ ವ್ಯಕ್ತಿಯ ಪ್ಯಾನ್, F ಇದ್ದರೆ ಪಾಲುದಾರಿಕೆ ಸಂಸ್ಥೆಯದು, H ಇದ್ದರೆ ಅವಿಭಕ್ತ ಕುಟುಂಬದ್ದು, C ಇದ್ದರೆ ಕಂಪನಿಯದು. ಕೈಯಲ್ಲಿರುವುದು P ಪ್ಯಾನ್ ಒಂದೇ ಆದರೆ ಸದ್ಯಕ್ಕೆ ನಿಮ್ಮದು ಏಕಮಾಲೀಕತ್ವ, ಮನಸ್ಸಿನಲ್ಲಿ ಏನೇ ಇರಲಿ.

ಕೂಡು ಕುಟುಂಬವಾದ್ದರಿಂದ ‘ಹಿಂದೂ ಅವಿಭಕ್ತ ಕುಟುಂಬ’ವೇ ಸರಿ ಎನ್ನುವವರೂ ಇದ್ದಾರೆ. ಹಾಗೆ ಮಾಡಿದರೆ ಓರಗಿತ್ತಿಯರು ಕಟ್ಟಿದ ವ್ಯಾಪಾರ ಕುಟುಂಬದ ಆಸ್ತಿಯಾಗಿ, ಅದರ ಆಡಳಿತ ಕರ್ತನ ಕೈ ಸೇರುತ್ತದೆ. ಸೊಸೆಯರು ಆ ಕುಟುಂಬದ ಸದಸ್ಯರೇನೋ ಹೌದು, ಆದರೆ ಹುಟ್ಟಿನಿಂದ ಹಕ್ಕು ಪಡೆದ ಸಹಭಾಗಿಗಳಲ್ಲ. ಪಾಲು ಮಾಡಿಕೊಡಿ ಎಂದು ತಾವಾಗಿ ಕೇಳುವ ಹಕ್ಕು ಅವರಿಗಿಲ್ಲ. ಒಲೆಯ ಮುಂದೆ ನಿಂತವರಿಗೇ ಪಾಲಿಲ್ಲದ ಈ ಆಯ್ಕೆ ಇಲ್ಲಿ ಬೇಡ ಎಂದೇ ಹೇಳುತ್ತೇನೆ.

ಇನ್ನೊಂದು ರೂಢಿ ಯಜಮಾನರ ಹೆಸರಲ್ಲಿ ಮಾಡಿಸಿಬಿಡುವುದು. ಅವರ ಆಧಾರ್‌ಗೆ ಮೊಬೈಲ್ ಜೋಡಣೆಯಾಗಿರುತ್ತದೆ, ಒಟಿಪಿ ಸಲೀಸಾಗಿ ಬರುತ್ತದೆ ಎಂಬುದಷ್ಟೇ ಇದಕ್ಕೆ ಕಾರಣ. ಆದರೆ ಏಕಮಾಲೀಕತ್ವದಲ್ಲಿ ಯಾರ ಆಧಾರ್, ಪ್ಯಾನ್ ಇದೆಯೋ ಅವರೇ ಮಾಲೀಕರು. ಮಹಿಳಾ ಉದ್ಯಮಕ್ಕೆಂದು ಇರುವ ಯೋಜನೆಗಳಿಗೆ ಅಲ್ಲಿಗೆ ಬಾಗಿಲು ಮುಚ್ಚಿತು. ಅವರದ್ದೇ ಹಾರ್ಡ್‌ವೇರ್ ಅಂಗಡಿಗೆ ಮೊದಲೇ ಉದ್ಯಮ್ ಆಗಿದ್ದರೆ ಅದೇ ಪ್ಯಾನ್‌ಗೆ ಇನ್ನೊಂದು ನೋಂದಣಿ ಸಿಗುವುದೂ ಇಲ್ಲ. ಹಳೆಯದಕ್ಕೇ ಪುಡಿಯ ಕಸುಬನ್ನು ಸೇರಿಸಬೇಕಾಗುತ್ತದೆ.

ಜಿಎಸ್‌ಟಿಯ ಲೆಕ್ಕವೂ ಹೀಗೇ. ಕರ್ನಾಟಕದಲ್ಲಿ ಸರಕು ಮಾರುವವರು ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಈ ವಹಿವಾಟನ್ನು ಎಣಿಸುವುದು ಅಂಗಡಿಗೊಂದರಂತೆ ಅಲ್ಲ, ಪ್ಯಾನ್‌ಗೊಂದರಂತೆ. ಅಂಗಡಿಯಲ್ಲಿ 36 ಲಕ್ಷ, ಪುಡಿಯಲ್ಲಿ ಆರು ಲಕ್ಷ, ಎರಡೂ ಒಂದೇ ಪ್ಯಾನ್‌ನಲ್ಲಿದ್ದರೆ 42 ಲಕ್ಷವಾಯಿತು. ಬೇರೆ ಬೇರೆ ಹೆಸರಲ್ಲಿದ್ದಿದ್ದರೆ ಇಬ್ಬರೂ ಮಿತಿಯೊಳಗೇ ಇರುತ್ತಿದ್ದರು.

ಹಾಗಾದರೆ ಈ ಇಬ್ಬರಿಗೆ ಯಾವುದು ಸರಿ? ದುಡ್ಡು ಹಾಕಿದವರು ಒಬ್ಬರೇ ಆಗಿ, ಇನ್ನೊಬ್ಬರು ಸಂಬಳಕ್ಕೆ ಒಪ್ಪಿದ್ದರೆ ಏಕಮಾಲೀಕತ್ವದಷ್ಟು ಹಗುರ ಬೇರೆ ಇಲ್ಲ. ಬೇರೆ ಪ್ಯಾನ್ ಬೇಡ, ಆದಾಯವೂ ಮಾಲೀಕರ ಸ್ವಂತ ಆದಾಯದ ಜೊತೆಗೇ ಸೇರುತ್ತದೆ. ಸಾಲವೂ ಹಾಗೆಯೇ ಸ್ವಂತದ್ದು. ವ್ಯಾಪಾರ ಮುಳುಗಿದರೆ ಮಾಲೀಕರ ಮನೆ, ಒಡವೆಗಳೂ ಸಾಲಗಾರರ ಲೆಕ್ಕಕ್ಕೆ ಬರುತ್ತವೆ. ಆದರೆ ಇಲ್ಲಿ ಇಬ್ಬರೂ ಬಂಡವಾಳ ಹಾಕಿದ್ದಾರೆ, ಇಬ್ಬರೂ ಲಾಭದಲ್ಲಿ ಪಾಲು ಎಣಿಸುತ್ತಿದ್ದಾರೆ. ಹಿರಿಯಾಕೆಯ ಹೆಸರಲ್ಲಿ ಏಕಮಾಲೀಕತ್ವವಾದರೆ ಕಿರಿಯಾಕೆಯ ಅರ್ಧ ದುಡ್ಡಿಗೆ ಕಾಗದದಲ್ಲಿ ಗುರುತೇ ಇರುವುದಿಲ್ಲ. ಆದ್ದರಿಂದ ಇವರಿಗೆ ಹೊಂದುವುದು ಪಾಲುದಾರಿಕೆ.

ಅದಕ್ಕೆ ಮೊದಲು ಬೇಕಾದದ್ದು ಪಾಲುದಾರಿಕೆ ಪತ್ರ. ಬಂಡವಾಳ ಎಷ್ಟೆಷ್ಟು, ಲಾಭ ನಷ್ಟದ ಪಾಲು ಎಷ್ಟೆಷ್ಟು, ಚೆಕ್ಕಿಗೆ ಸಹಿ ಯಾರದು, ಒಬ್ಬರು ಬಿಟ್ಟುಹೋದರೆ ಯಂತ್ರ ಮತ್ತು ಹೆಸರು ಯಾರಿಗೆ ಎಂಬುದೆಲ್ಲ ಸ್ಟ್ಯಾಂಪ್ ಕಾಗದದ ಮೇಲೆ ಬರಬೇಕು. ಆ ಪತ್ರ ಕೊಟ್ಟು ಸಂಸ್ಥೆಗೇ ಒಂದು ಪ್ಯಾನ್, ಒಂದು ಚಾಲ್ತಿ ಖಾತೆ ಮಾಡಿಸಬೇಕು. ಅದಾದ ಮೇಲೆ ಉದ್ಯಮ್, ಅದೂ ವ್ಯವಹಾರ ನಡೆಸುವ ಪಾಲುದಾರಳ ಆಧಾರ್ ಮೇಲೆ. 1932ರ ಪಾಲುದಾರಿಕೆ ಕಾಯ್ದೆಯಡಿ ಸಂಸ್ಥೆಯನ್ನು ನೋಂದಾಯಿಸುವುದು ಕಡ್ಡಾಯವೇನಲ್ಲ. ನೋಂದಾಯಿಸದ ಸಂಸ್ಥೆ ಮಾತ್ರ ಬಾಕಿ ಉಳಿಸಿಕೊಂಡ ಅಂಗಡಿಯವರ ಮೇಲೆ ಒಪ್ಪಂದದ ಹಕ್ಕಿಗಾಗಿ ದಾವೆ ಹೂಡಲಾಗದು. ಇನ್ನೊಂದು ಮಾತನ್ನು ಇಬ್ಬರೂ ತಿಳಿದಿರಬೇಕು. ಸಂಸ್ಥೆಯ ಹೆಸರಲ್ಲಿ ಒಬ್ಬಳು ಮಾಡಿದ ಸಾಲಕ್ಕೆ ಇನ್ನೊಬ್ಬಳೂ ಪೂರ್ತಿ ಹೊಣೆ.

ಪತ್ರ ಬರೆಸುವಾಗ ಜನ ಬಿಟ್ಟುಬಿಡುವ ಒಂದು ಸಾಲಿಗೆ ಬೆಲೆ ಬಹಳ. ಪಾಲುದಾರಿಕೆಯ ಲಾಭಕ್ಕೆ ತೆರಿಗೆ ನೇರವಾಗಿ ಶೇ 30, ವ್ಯಕ್ತಿಗಳಿಗಿರುವ ಆರಂಭಿಕ ವಿನಾಯಿತಿ ಇದಕ್ಕಿಲ್ಲ. 2,40,000ಕ್ಕೆ 72,000 ರೂಪಾಯಿ, ಸೆಸ್ ಬೇರೆ. ದುಡಿಯುವ ಪಾಲುದಾರರಿಗೆ ಇಂತಿಷ್ಟು ಸಂಭಾವನೆ ಎಂದು ಪತ್ರದಲ್ಲಿ ಬರೆದಿದ್ದರೆ ಕಾನೂನು ಹಾಕಿದ ಮಿತಿಯವರೆಗೆ ಅದನ್ನು ಖರ್ಚು ಎಂದು ಕಳೆಯಬಹುದು. ಇಷ್ಟು ಸಣ್ಣ ಲಾಭವನ್ನು ಪೂರ್ತಿಯಾಗಿ ಕಳೆಯಲು ಆ ಮಿತಿ ಸಾಕು. ತಲಾ 1,20,000 ಸಂಭಾವನೆ ಇಬ್ಬರ ಕೈ ಸೇರುತ್ತದೆ; ಬೇರೆ ಆದಾಯ ಇಲ್ಲದವರಿಗೆ ಅಷ್ಟಕ್ಕೆ ತೆರಿಗೆ ಬೀಳುವುದಿಲ್ಲ, ಸಂಸ್ಥೆಗೆ ಉಳಿಯುವ ಲಾಭವೂ ಸೊನ್ನೆ. ಆದರೂ ಸಂಸ್ಥೆ ವರ್ಷವರ್ಷ ರಿಟರ್ನ್ ಸಲ್ಲಿಸಲೇಬೇಕು. ಸಂಭಾವನೆ ಕೊಡುವಾಗ ಟಿಡಿಎಸ್ ಕಡಿತದ ಕೆಲಸವೂ ಈಗ ಸೇರಿಕೊಂಡಿದೆ. ಲೆಕ್ಕಿಗರಿಗೆ ಕೊಡುವ ಫೀಸನ್ನು ಮೊದಲೇ ಎಣಿಸಿಕೊಳ್ಳಿ. ಎಲ್‌ಎಲ್‌ಪಿ, ಕಂಪನಿಗಳಿಗೆ ಈ ಓಡಾಟ ಇನ್ನೂ ಹೆಚ್ಚು. ಆರು ಲಕ್ಷದ ಪುಡಿ ವ್ಯಾಪಾರಕ್ಕೆ ಆ ಭಾರ ಯಾಕೆ?

ಈಗ ಏಕಮಾಲೀಕತ್ವ ಮಾಡಿ, ಮುಂದೆ ಬೇಕಾದರೆ ಬದಲಿಸೋಣ ಎಂದರೆ ಆಗದೇ ಎಂದು ಕೇಳಬಹುದು. ಆಗುತ್ತದೆ, ಆದರೆ ಪ್ಯಾನ್ ಬದಲಾಗುವುದರಿಂದ ಹಳೆಯ ಉದ್ಯಮ್ ಸಂಖ್ಯೆ ಜೊತೆಗೆ ಬರುವುದಿಲ್ಲ. ಅದನ್ನು ರದ್ದು ಮಾಡಿ ಹೊಸದು ಮಾಡಿಸಬೇಕು, ಬ್ಯಾಂಕಿನ ಖಾತೆಯೂ ಹೊಸದಾಗಬೇಕು.

ಇನ್ನು ಎರಡನೇ ಪ್ರಶ್ನೆ. ಮುಖ್ಯ ಚಟುವಟಿಕೆ ತಯಾರಿಕೆಯೋ, ಸೇವೆಯೋ, ವ್ಯಾಪಾರವೋ? ‘ನಾವು ಪ್ಯಾಕೆಟ್ ಮಾರುತ್ತೇವಲ್ಲ’ ಎಂದು ವ್ಯಾಪಾರವನ್ನು ಒತ್ತಿದರೆ ಕೆಟ್ಟಿತು. ಮೆಣಸಿನಕಾಯಿ, ಧನಿಯ ಹುರಿದು ಪುಡಿ ಮಾಡಿದರೆ ಅದು ತಯಾರಿಕೆ. ಬೇರೆಯವರು ಮಾಡಿದ ತುಪ್ಪ ತಂದು ಹಾಗೆಯೇ ಮಾರಿದರೆ ಅದು ವ್ಯಾಪಾರ. ಮದುವೆ ಮನೆಗೆ ಹೋಗಿ ಅಡುಗೆ ಮಾಡಿ ಬಡಿಸಿದರೆ ಸೇವೆ. ವ್ಯಾಪಾರಿಗಳನ್ನು 2021ರ ಜುಲೈನಲ್ಲಿ ಉದ್ಯಮ್ ಒಳಗೆ ಸೇರಿಸಿದರೂ ಅವರಿಗೆ ಸಿಗುವುದು ಬ್ಯಾಂಕುಗಳ ಆದ್ಯತಾ ವಲಯದ ಸಾಲದ ಅನುಕೂಲ ಮಾತ್ರ. ತಯಾರಕರಿಗೆ ಇನ್ನೊಂದು ರಕ್ಷಣೆ ಇದೆ. ಊರಿನ ಸೂಪರ್ ಮಾರ್ಕೆಟ್ ನಿಮ್ಮ ಪುಡಿಯನ್ನು ಕಡಕ್ಕೆ ತೆಗೆದುಕೊಂಡರೆ, ಒಪ್ಪಂದ ಏನೇ ಇದ್ದರೂ 45 ದಿನದೊಳಗೆ ಹಣ ಕೊಡಬೇಕು, ಒಪ್ಪಂದವೇ ಇಲ್ಲದಿದ್ದರೆ 15 ದಿನದೊಳಗೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ತಪ್ಪು ಗುಂಡಿ ಒತ್ತಿದವರ ಪ್ರಮಾಣಪತ್ರದಲ್ಲಿ ‘ವ್ಯಾಪಾರ’ ಎಂದಿದ್ದರೆ ಈ ಬಾಕಿ ಕೇಳುವಾಗ ಎದುರಿನವರು ಅದನ್ನೇ ಮುಂದೆ ಹಿಡಿಯುತ್ತಾರೆ.

ಆಮೇಲೆ ಬರುವುದು ಎನ್‌ಐಸಿ ಸಂಕೇತ. ದೇಶದ ಎಲ್ಲ ಕಸುಬುಗಳಿಗೂ ಐದಂಕಿಯ ಸಂಖ್ಯೆ ಕೊಟ್ಟಿರುವ ಪಟ್ಟಿ ಇದು. ಮೊದಲ ಎರಡು ಅಂಕಿ ದೊಡ್ಡ ವರ್ಗ, ಮುಂದಕ್ಕೆ ಹೋದಂತೆ ಸೂಕ್ಷ್ಮ. 10 ಎಂದರೆ ಆಹಾರ ತಯಾರಿಕೆ. ಅದರೊಳಗೆ 10795 ಮಸಾಲೆ ಪದಾರ್ಥಗಳನ್ನು ಪುಡಿ ಮಾಡುವುದು, 10796 ಹಪ್ಪಳ, 10306 ಉಪ್ಪಿನಕಾಯಿ ಮತ್ತು ಚಟ್ನಿ. ನಮ್ಮ ಚಟ್ನಿಪುಡಿ ಇದರಲ್ಲಿ ಎಲ್ಲಿಗೆ ಸೇರಬೇಕೋ ಪಟ್ಟಿ ಬರೆದವರಿಗೆ ಹೊಳೆದಂತಿಲ್ಲ. ಜಗಳ ಬೇಡ, ಎರಡನ್ನೂ ಹಾಕಬಹುದು. ಒಂದು ನೋಂದಣಿಯಲ್ಲಿ ಎಷ್ಟು ಸಂಕೇತಗಳಾದರೂ ಸೇರುತ್ತವೆ. ಮದುವೆ ಅಡುಗೆ ಒಪ್ಪಿಕೊಳ್ಳುವುದಿದ್ದರೆ 56210 ಸೇರಿಸಿ. ಹುಡುಕುವ ಜಾಗದಲ್ಲಿ spices, papad ಎಂದು ಟೈಪ್ ಮಾಡಿದರೆ ಪಟ್ಟಿ ಬರುತ್ತದೆ. ಸೋಮಾರಿತನದಿಂದ ‘ಇತರೆ’ ಎಂಬ ಸಾಲನ್ನು ಆರಿಸಬೇಡಿ. ಸಾಲದ ಅರ್ಜಿಯಲ್ಲಿ ಪುಡಿ ಯಂತ್ರ ಎಂದು ಬರೆದು, ಪ್ರಮಾಣಪತ್ರದಲ್ಲಿ ಇನ್ನೇನೋ ಇದ್ದರೆ ಮ್ಯಾನೇಜರು ಮೊದಲು ಹಿಡಿಯುವುದು ಅದನ್ನೇ. ಊಹೆಗಿಂತ ಪಟ್ಟಿಯನ್ನೇ ನಂಬಬೇಕು ಎಂಬುದಕ್ಕೆ ಒಂದು ನಿದರ್ಶನ: ಅಳತೆ ತೆಗೆದು ಬಟ್ಟೆ ಹೊಲಿದುಕೊಡುವುದನ್ನು ನಾವೆಲ್ಲ ಸೇವೆ ಎಂದುಕೊಳ್ಳುತ್ತೇವೆ, ಎನ್‌ಐಸಿ ಪಟ್ಟಿಯಲ್ಲಿ ಅದು 14105, ತಯಾರಿಕೆಯ ಸಾಲಿನಲ್ಲಿದೆ.

ಉಳಿದ ಕಲಂಗಳು ಬೇಗ ಮುಗಿಯುತ್ತವೆ. ಬಂಡವಾಳ ಎಂದಲ್ಲಿ ಯಂತ್ರ ಸಲಕರಣೆಯನ್ನಷ್ಟೇ ಎಣಿಸಬೇಕು. ಜಾಗ, ಕಟ್ಟಡ, ಮೇಜು ಬೀರುಗಳು ಲೆಕ್ಕಕ್ಕಿಲ್ಲ. 30,000ದ ಯಂತ್ರ, 2,500ರ ಸೀಲಿಂಗ್ ಮಷಿನ್, 2,000ದ ತೂಕದ ಯಂತ್ರ ಸೇರಿ 34,500. 2025ರ ಏಪ್ರಿಲ್‌ನಿಂದ ಬಂಡವಾಳ ಎರಡೂವರೆ ಕೋಟಿ, ವಹಿವಾಟು ಹತ್ತು ಕೋಟಿ ದಾಟದಿದ್ದರೆ ಅದು ‘ಸೂಕ್ಷ್ಮ’ ಉದ್ಯಮ, ಅಂದರೆ ಮನೆಯ ಕಸುಬುಗಳೆಲ್ಲ ಅದರೊಳಗೇ. ಕೊನೆಯ ಒಟಿಪಿ ಕೊಟ್ಟ ಮೇಲೆ UDYAM-KR ಎಂದು ಶುರುವಾಗುವ ಸಂಖ್ಯೆ, ಕ್ಯೂಆರ್ ಇರುವ ಪ್ರಮಾಣಪತ್ರ ಸಿಗುತ್ತದೆ.

ಆ ಪ್ರಮಾಣಪತ್ರವೇ ಪರವಾನಗಿ ಎಂದು ಅಡುಗೆಮನೆಯ ಗೋಡೆಗೆ ತೂಗುಹಾಕಿ ನಿಶ್ಚಿಂತರಾಗುವಂತಿಲ್ಲ. ತಿನ್ನುವ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇರೆಯೇ ಬೇಕು. ಅದನ್ನು foscos.fssai.gov.in ತಾಣದಲ್ಲಿ, ಉದ್ಯಮ್‌ನಲ್ಲಿರುವ ಅದೇ ಸಂಸ್ಥೆಯ ಹೆಸರಲ್ಲಿ ಮಾಡಿಸಿ ಪ್ಯಾಕೆಟ್ಟಿನ ಮೇಲೆ ಸಂಖ್ಯೆ ಹಾಕಬೇಕು. ಜಿಎಸ್‌ಟಿಯಲ್ಲೂ ಒಂದು ಕೊಕ್ಕೆ ಇದೆ. 40 ಲಕ್ಷದ ಮಿತಿ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ಮುಂಬೈಯಲ್ಲಿರುವ ತುಮಕೂರಿನವರು ವಾಟ್ಸ್ಆ್ಯಪ್‌ನಲ್ಲಿ ಎರಡು ಕಿಲೋ ಸಾರಿನ ಪುಡಿ ತರಿಸಿಕೊಂಡರೆ ಅದು ಹೊರರಾಜ್ಯದ ಮಾರಾಟ. ಆ ಪಾರ್ಸಲ್ ಕಳಿಸುವ ಮುನ್ನವೇ, ವಹಿವಾಟು ಎಷ್ಟೇ ಇದ್ದರೂ, ಜಿಎಸ್‌ಟಿ ಸಂಖ್ಯೆ ಬೇಕಾಗುತ್ತದೆ.