ಮನೆಯಲ್ಲಿ ತೆರೆಯುವ ಜಾಲತಾಣ ಮೊಬೈಲಿನಲ್ಲಿ ಏಕೆ ತೆರೆಯದು?

ಒಂದೇ ಜಾಲತಾಣ. ಮನೆಯ ವೈಫೈಯಲ್ಲಿ ಸಲೀಸಾಗಿ ತೆರೆದುಕೊಳ್ಳುತ್ತದೆ. ವೈಫೈ ಆರಿಸಿ ಮೊಬೈಲ್ ಡೇಟಾಕ್ಕೆ ಬಂದರೆ ‘ಈ ತಾಣ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಕಾಣಿಸುತ್ತದೆ. ದೂರು ಕೊಟ್ಟರೆ ತಾಣ ನೋಡಿಕೊಳ್ಳುವವರು ತಮ್ಮ ಕಂಪ್ಯೂಟರಿನಲ್ಲಿ ತೆರೆದು ನೋಡಿ, ‘ನಮಗೆ ಸರಿಯಾಗೇ ಬರ್ತಿದೆಯಲ್ಲ’ ಎನ್ನುತ್ತಾರೆ. ಇಬ್ಬರು ಹೇಳುವುದೂ ನಿಜ. ಇಬ್ಬರೂ ತಲುಪುತ್ತಿರುವುದು ಬೇರೆ ಬೇರೆ ಯಂತ್ರಗಳನ್ನು.

ಅಂತರ್ಜಾಲದಲ್ಲಿ ಇಂದು ಎರಡು ಬಗೆಯ ವಿಳಾಸಗಳು ಜೊತೆಜೊತೆಗೆ ಬಳಕೆಯಲ್ಲಿವೆ. ಹಳೆಯದು ಐಪಿವಿ4. ಇದರಲ್ಲಿ ಸಿಗುವುದು ಸುಮಾರು 430 ಕೋಟಿ ವಿಳಾಸಗಳು ಮಾತ್ರ. ಅವು ಸಾಲದಾದಾಗ ಅಪಾರ ವಿಳಾಸಗಳಿರುವ ಐಪಿವಿ6 ಬಂತು. ಜಾಲತಾಣದ ಹೆಸರಿನ ಜೊತೆಗೆ ಡಿಎನ್‌ಎಸ್‌ನಲ್ಲಿ ಎರಡು ದಾಖಲೆಗಳಿರಬಹುದು: ಹಳೆಯ ಬಗೆಯ ವಿಳಾಸಕ್ಕೆ `A`, ಹೊಸ ಬಗೆಯದಕ್ಕೆ `AAAA`. ಮೊಬೈಲ್ ಜಾಲಗಳಲ್ಲಿ ಐಪಿವಿ6 ಸಾಮಾನ್ಯ. ಮನೆ, ಕಚೇರಿಗಳ ಎಷ್ಟೋ ಸಂಪರ್ಕಗಳಲ್ಲಿ ಇನ್ನೂ ಐಪಿವಿ4 ಒಂದೇ ಇದೆ.

ಮೇಲಿನ ದೂರಿನ ಹಿಂದೆ ಹೆಚ್ಚಾಗಿ ನಡೆದಿರುವುದು ಇಷ್ಟೇ: ತಾಣವನ್ನು ಹೊಸ ಸರ್ವರಿಗೆ ಸಾಗಿಸುವಾಗ `A` ದಾಖಲೆಯನ್ನು ತಿದ್ದಿದ್ದಾರೆ, `AAAA` ದಾಖಲೆ ಹಾಗೇ ಉಳಿದಿದೆ. ಹಳೆಯ ಸರ್ವರ್ ಇನ್ನೂ ಚಾಲೂ ಇದೆ, ಅದರ ಭದ್ರತಾ ಪ್ರಮಾಣಪತ್ರದ ಅವಧಿ ಮಾತ್ರ ಮುಗಿದಿದೆ.

ಇದು ಬೇಗ ಬೆಳಕಿಗೆ ಬಾರದಿರಲು ಬ್ರೌಸರಿನ ಜಾಣತನವೂ ಒಂದು ಕಾರಣ. ಎರಡೂ ವಿಳಾಸ ಸಿಕ್ಕಿದರೆ ಬ್ರೌಸರ್ ಸಾಮಾನ್ಯವಾಗಿ ಐಪಿವಿ6 ಅನ್ನು ಮೊದಲು ಪ್ರಯತ್ನಿಸುತ್ತದೆ. ಸುಮಾರು ಕಾಲು ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ ಐಪಿವಿ4 ಅನ್ನೂ ಶುರು ಮಾಡಿ, ಮೊದಲು ಉತ್ತರಿಸಿದ್ದನ್ನು ಹಿಡಿದುಕೊಳ್ಳುತ್ತದೆ. ಒಂದು ವಿಳಾಸ ಪೂರ್ತಿ ಸತ್ತಿದ್ದರೆ ಬಳಕೆದಾರರಿಗೆ ಗೊತ್ತೇ ಆಗುವುದಿಲ್ಲ. ಆದರೆ ನಮ್ಮ ಪ್ರಕರಣದಲ್ಲಿ ಹಳೆಯ ಸರ್ವರ್ ಕರೆಗೆ ಓಗೊಡುತ್ತದೆ. ಸಂಪರ್ಕ ಸಿಕ್ಕಿತು ಎಂದು ಬ್ರೌಸರ್ ಅಲ್ಲೇ ನಿಲ್ಲುತ್ತದೆ. ಆಮೇಲೆ ಪ್ರಮಾಣಪತ್ರ ತಪ್ಪೆಂದು ಕಂಡರೂ ಇನ್ನೊಂದು ವಿಳಾಸದತ್ತ ಹೊರಳುವುದಿಲ್ಲ.

ಆದ್ದರಿಂದ ಪತ್ತೆ ಹಚ್ಚುವಾಗ ಆಯ್ಕೆಯನ್ನು ಯಂತ್ರಕ್ಕೆ ಬಿಡಬಾರದು. ಎರಡೂ ಬಗೆಯ ವಿಳಾಸವಿರುವ ಸಂಪರ್ಕದಲ್ಲಿ ಕೂತು ಒಂದೊಂದನ್ನೇ ಬಲವಂತವಾಗಿ ಬಳಸಿ ನೋಡಬೇಕು:

```
curl -4 -I https://example.org/
curl -6 -I https://example.org/
```

ಮೊದಲನೆಯದಕ್ಕೆ `200` ಬಂದು, ಎರಡನೆಯದಕ್ಕೆ `curl: (60)` ಎಂಬ ಪ್ರಮಾಣಪತ್ರದ ದೋಷ ಬಂದರೆ ತಪ್ಪು ಐಪಿವಿ6 ಕಡೆ ಇದೆ ಎಂದಾಯಿತು. `dig AAAA example.org` ಎಂದು ಕೇಳಿ, ಬಂದ ವಿಳಾಸ ಹೊಸ ಸರ್ವರಿನದೇ ಎಂದು ಹೋಲಿಸಿದರೆ ಕಾರಣವೂ ಕೈಗೆ ಸಿಗುತ್ತದೆ. ದಾಖಲೆಯನ್ನು ಹೊಸ ವಿಳಾಸಕ್ಕೆ ತಿದ್ದಬೇಕು. ಹೊಸ ಸರ್ವರಿಗೆ ಐಪಿವಿ6 ಇಲ್ಲದಿದ್ದರೆ ಆ ದಾಖಲೆಯನ್ನೇ ಅಳಿಸಬೇಕು. ಹಳೆಯ ಉತ್ತರ ಅಲ್ಲಲ್ಲಿ ಉಳಿದಿರುವುದರಿಂದ, ದಾಖಲೆಗೆ ಕೊಟ್ಟ ಅವಧಿ ಮುಗಿಯುವವರೆಗೆ ಕೆಲವರಿಗೆ ತೊಂದರೆ ಮುಂದುವರಿಯುತ್ತದೆ.

ಫಲಿತಾಂಶ ಓದುವಾಗ ಒಂದು ಎಚ್ಚರ ಬೇಕು. `-6` ಕೊಟ್ಟಾಗ `Network is unreachable` ಎಂದು ಬಂದರೆ ಆ ತಾಣವನ್ನು ದೂರುವಂತಿಲ್ಲ, ನಿಮ್ಮ ಸಂಪರ್ಕದಲ್ಲೇ ಐಪಿವಿ6 ಇಲ್ಲದಿರುವ ಸಾಧ್ಯತೆ ಹೆಚ್ಚು. ಐಪಿವಿ6 ಇರುವುದು ಖಚಿತವಾಗಿರುವ ಬೇರೊಂದು ತಾಣಕ್ಕೆ ಅದೇ ಆಜ್ಞೆ ಕೊಟ್ಟು ನೋಡಿದರೆ ಇದು ಇತ್ಯರ್ಥವಾಗುತ್ತದೆ. `Could not resolve host` ಎಂದರೆ, ಹೆಸರು ಸರಿಯಿದ್ದರೂ ಅದಕ್ಕೆ `AAAA` ದಾಖಲೆ ಇಲ್ಲದಿರಬಹುದು. ಅದು ದೋಷವೇ ಅಲ್ಲ.

ತಿರುಗುಮುರುಗೂ ಆಗುತ್ತದೆ. ಐಪಿವಿ4 ವಿಳಾಸಗಳ ಕೊರತೆಯಿಂದ ಸಂಪರ್ಕ ಕಂಪನಿಗಳು ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿರುತ್ತವೆ. ಅವರಲ್ಲೊಬ್ಬರ ಕಿಡಿಗೇಡಿತನಕ್ಕೆ ತಾಣವೊಂದು ಆ ವಿಳಾಸವನ್ನು ನಿರ್ಬಂಧಿಸಿದರೆ ಉಳಿದವರಿಗೂ ಬಾಗಿಲು ಮುಚ್ಚುತ್ತದೆ. ಆಗ `-4` ಗೆ `403`, `-6` ಗೆ `200` ಬರುವುದುಂಟು.

ತೊಂದರೆ ಕಂಡೊಡನೆ ಐಪಿವಿ6 ಅನ್ನೇ ಆರಿಸಿಬಿಡಿ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಅದು ನಿಮ್ಮ ಯಂತ್ರದಲ್ಲಿ ದೋಷವನ್ನು ಮರೆಮಾಚುತ್ತದೆ, ಮೊಬೈಲಿನಿಂದ ಬರುವ ಉಳಿದವರಿಗೆ ಏನೂ ಬದಲಾಗುವುದಿಲ್ಲ. `-4`, `-6` ಇರುವುದು ತಪಾಸಣೆಗೆ. ದೂರು ಬರೆಯುವಾಗ ‘ತಾಣ ತೆರೆಯುತ್ತಿಲ್ಲ’ ಎನ್ನುವ ಬದಲು ಎರಡೂ ಆಜ್ಞೆಗಳ ಉತ್ತರವನ್ನು ಹಾಗೇ ಲಗತ್ತಿಸಿ. ಓದಿದವರಿಗೆ ಯಾವ ದಾಖಲೆಯನ್ನು ತೆರೆದು ನೋಡಬೇಕೆಂಬುದು ಅಷ್ಟರಿಂದಲೇ ತಿಳಿಯುತ್ತದೆ.