‘ಕಾಯಿರಿ’ ಎಂಬ ಸಲಹೆಗೆ ಎಷ್ಟು ಬೆಲೆ?

ವಿಮಾನದ ಟಿಕೆಟ್ ಹುಡುಕಿದರೆ ಈಗ ಬರೀ ದರ ಕಾಣಿಸುವುದಿಲ್ಲ. ಜೊತೆಗೊಂದು ಗ್ರಾಫ್, ಗ್ರಾಫಿನ ಪಕ್ಕದಲ್ಲೊಂದು ಸಲಹೆ. ಕಯಾಕ್ ತಾಣ 2013ರಲ್ಲಿ, ಮುಂದಿನ ಏಳು ದಿನಗಳಲ್ಲಿ ದರ ಏರೀತೋ ಇಳಿದೀತೋ ಎಂದು ಅಂದಾಜಿಸಿ ‘ಈಗಲೇ ಕೊಳ್ಳಿ’ ಅಥವಾ ‘ಕಾಯಿರಿ’ ಎನ್ನಲು ಶುರುಮಾಡಿತು. ಗೂಗಲ್ ಫ್ಲೈಟ್ಸ್ ಸ್ವಲ್ಪ ಹುಷಾರಿನದು. ಈಗಿನ ದರ ಕಡಿಮೆ, ಮಾಮೂಲಿ ಅಥವಾ ಹೆಚ್ಚು ಎಂದಷ್ಟೇ ಹೇಳಿ, ಮುಂದಿನ ತೀರ್ಮಾನವನ್ನು ಬಹುಪಾಲು ನಮಗೇ ಬಿಡುತ್ತದೆ.

ಸಲಹೆಯ ಮಾತು ಆಮೇಲೆ. ಮೊದಲು ಗ್ರಾಫನ್ನೇ ನೋಡೋಣ, ಏಕೆಂದರೆ ಎಡವುವವರು ಹೆಚ್ಚಾಗಿ ಅಲ್ಲೇ ಎಡವುತ್ತಾರೆ. ಒಂದೇ ತಾಣದಲ್ಲಿ ಎರಡು ಬಗೆಯ ಗ್ರಾಫ್ ಇರುತ್ತವೆ. ಒಂದರಲ್ಲಿ ಕೆಳಗಿನ ಸಾಲಿನಲ್ಲಿರುವುದು ಪ್ರಯಾಣದ ದಿನಾಂಕಗಳು: 10ರಂದು ಹೋದರೆ ಇಷ್ಟು, 11ರಂದು ಹೋದರೆ ಇಷ್ಟು. ಇನ್ನೊಂದರಲ್ಲಿರುವುದು ಹುಡುಕಿದ ದಿನಾಂಕಗಳು: ನೀವು ಹೋಗಬೇಕಾದ ಅದೇ ದಿನದ ಟಿಕೆಟ್ ಎರಡು ತಿಂಗಳ ಹಿಂದೆ ಎಷ್ಟಿತ್ತು, ಹೋದ ವಾರ ಎಷ್ಟಿತ್ತು, ಇವತ್ತು ಎಷ್ಟಿದೆ. ದರದ ಇತಿಹಾಸ ಎನ್ನಬೇಕಾದದ್ದು ಈ ಎರಡನೆಯದನ್ನು ಮಾತ್ರ. ಮೊದಲನೆಯದರಲ್ಲಿ ಗೆರೆ ಕೆಳಗಿಳಿದಿದ್ದನ್ನು ಕಂಡು ‘ದರ ಇಳೀತಾ ಇದೆ, ಕಾಯೋಣ’ ಎಂದುಕೊಂಡರೆ ತಪ್ಪಾಗುತ್ತದೆ. ಅಲ್ಲಿ ಕಂಡದ್ದು ಮಂಗಳವಾರದ ವಿಮಾನ ಭಾನುವಾರದ್ದಕ್ಕಿಂತ ಅಗ್ಗ ಎಂಬ ಸಂಗತಿ ಅಷ್ಟೆ.

ಎರಡನೆಯ ಗ್ರಾಫಿನಲ್ಲೂ ಗಮನಿಸಬೇಕಾದದ್ದಿದೆ. ಸಾಮಾನ್ಯವಾಗಿ ಅದು ತೋರಿಸುವುದು ಆಯಾ ದಿನ ಸಿಗುತ್ತಿದ್ದ ಅತ್ಯಂತ ಅಗ್ಗದ ಟಿಕೆಟನ್ನು. ನಿನ್ನೆಯ ಆ ಅಗ್ಗದ ಟಿಕೆಟ್ ನಡುರಾತ್ರಿಯ ವಿಮಾನದ್ದಾಗಿರಬಹುದು, ಅಥವಾ ಹೈದರಾಬಾದಿನಲ್ಲಿ ಐದು ಗಂಟೆ ಕೂರಿಸಿ ಕರೆದೊಯ್ಯುವುದಾಗಿರಬಹುದು. ನಿಮಗೆ ಬೇಕಾದ ಬೆಳಗಿನ ನೇರ ವಿಮಾನದ ದರ ಒಂದು ರೂಪಾಯಿಯೂ ಅಲುಗದೆ ಗೆರೆ ಮಾತ್ರ ಧುಮುಕಿರುತ್ತದೆ. ನೇರ ವಿಮಾನ, ಹೊರಡುವ ಹೊತ್ತು, ಬ್ಯಾಗಿನ ತೂಕ, ಇವನ್ನು ಮೊದಲೇ ಆರಿಸಿಕೊಂಡು, ಗ್ರಾಫ್ ಆ ಆಯ್ಕೆಗೆ ತಕ್ಕಂತೆ ಬದಲಾಯಿತೇ ನೋಡಿ. ಎಡಬದಿಯ ಅಂಕಿಗಳ ಮೇಲೂ ಕಣ್ಣಿರಲಿ. ಅವು ಸೊನ್ನೆಯಿಂದ ಶುರುವಾಗದೆ 5,500ರಿಂದ ಶುರುವಾಗಿದ್ದರೆ ಮುನ್ನೂರು ರೂಪಾಯಿಯ ಇಳಿತವೂ ಪ್ರಪಾತದಂತೆ ಕಾಣುತ್ತದೆ.

ಗೆರೆ ಹಾಗೇಕೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ? ಒಂದು ವಿಮಾನದ ಇಕಾನಮಿ ಸೀಟುಗಳಿಗೆಲ್ಲ ಒಂದೇ ದರ ಇರುವುದಿಲ್ಲ. ಕಂಪನಿಯವರು ಅವನ್ನು ಹಲವು ದರ್ಜೆಗಳಾಗಿ ಹಂಚಿ, ಒಂದೊಂದಕ್ಕೂ ಒಂದು ಇಂಗ್ಲಿಷ್ ಅಕ್ಷರ ಕೊಟ್ಟು, ಒಂದೊಂದು ದರ ಕಟ್ಟಿರುತ್ತಾರೆ. ಸೀಟು ಅದೇ, ತಿಂಡಿ ಅದೇ, ದರ ಮಾತ್ರ ಬೇರೆ. ಅಗ್ಗದ ದರ್ಜೆಗೆ ಮೀಸಲಿಟ್ಟ ಸೀಟುಗಳು ಮುಗಿದ ಕ್ಷಣ ಮೇಲಿನ ದರ್ಜೆಯ ದರ ಕಾಣಿಸುತ್ತದೆ. ಕೆಲವು ಅಗ್ಗದ ದರಗಳಿಗೆ ಪ್ರಯಾಣಕ್ಕೆ 21, 14 ಅಥವಾ 7 ದಿನ ಮೊದಲೇ ಕೊಂಡಿರಬೇಕೆಂಬ ಕಟ್ಟಳೆಯೂ ಇರುತ್ತದೆ. ಆ ದಿನ ದಾಟಿದರೆ ಸೀಟು ಖಾಲಿ ಇದ್ದರೂ ಆ ದರ ಮಾಯ. ಬುಕಿಂಗ್ ಎಣಿಸಿದಷ್ಟು ಬರದಿದ್ದರೆ ಕಂಪನಿ ಮುಚ್ಚಿದ ದರ್ಜೆಯನ್ನು ಮತ್ತೆ ತೆರೆಯುವುದೂ ಉಂಟು. ದರ ಇಳಿಯುವುದು ಹೆಚ್ಚಾಗಿ ಆಗಲೇ. ಯಾವ ದರ್ಜೆಯಲ್ಲಿ ಎಷ್ಟು ಸೀಟು ಉಳಿಸಿದ್ದೇವೆ, ನಾಳೆ ಯಾವುದನ್ನು ತೆರೆಯುತ್ತೇವೆ ಎಂಬ ಲೆಕ್ಕಾಚಾರ ಕಂಪನಿಯ ಒಳಗಿನದು. ಹೊರಗಿನವರಿಗೆ ಕಾಣುವುದು ಬೆಲೆಯೊಂದೇ.

ಆ ಬೆಲೆಯೊಂದನ್ನೇ ನೋಡಿ ಒಳಗಿನ ಆಟವನ್ನು ಊಹಿಸಬಹುದೇ ಎಂದು ಮೊದಮೊದಲು ಗಂಭೀರವಾಗಿ ಪರೀಕ್ಷಿಸಿದವರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಓರೆನ್ ಎಟ್ಜಿಯೋನಿ ಒಬ್ಬರು. ವಿಮಾನದಲ್ಲಿ ಅಕ್ಕಪಕ್ಕದವರನ್ನು ವಿಚಾರಿಸಿದಾಗ ತಮಗಿಂತ ತಡವಾಗಿ ಕೊಂಡವರು ಕಡಿಮೆ ಕೊಟ್ಟಿದ್ದು ತಿಳಿದು ಅವರಿಗೆ ಕೆರಳಿತಂತೆ. ಅವರೂ ಜೊತೆಗಾರರೂ 41 ದಿನಗಳಲ್ಲಿ 12,000ಕ್ಕೂ ಹೆಚ್ಚು ದರಗಳನ್ನು ಕಲೆಹಾಕಿ 2003ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕೊಳ್ಳಲೋ ಬೇಡವೋ ಎಂದು ತೂಗುವ ಆ ತಂತ್ರಾಂಶಕ್ಕೆ ಹ್ಯಾಮ್ಲೆಟ್ ಎಂದೇ ಹೆಸರಿಟ್ಟರು. ಕಲ್ಪಿತ ಪ್ರಯಾಣಿಕರ ಮೇಲೆ ನಡೆಸಿದ ಪ್ರಯೋಗದಲ್ಲಿ ಅದು 341 ಮಂದಿಗೆ ಒಟ್ಟು 1,98,074 ಡಾಲರ್ ಉಳಿಸಿತು. ನಾಳಿನ ದರ ಪೂರ್ತಿ ಗೊತ್ತಿರುವ ತ್ರಿಕಾಲಜ್ಞಾನಿಗೂ ಉಳಿಸಲು ಸಾಧ್ಯವಿದ್ದದ್ದು 3,20,572 ಡಾಲರ್. ಅಂದರೆ ಸಾಧ್ಯವಿದ್ದದ್ದರಲ್ಲಿ ನೂರಕ್ಕೆ 61.8ರಷ್ಟನ್ನು ಅದು ಹಿಡಿಯಿತು.

ಈ ಅಂಕಿ ನನಗೆ ಮೆಚ್ಚುಗೆಯಾಗುವುದು ಬೇರೊಂದು ಕಾರಣಕ್ಕೆ. ಅವರು ಎಣಿಸಿದ್ದು ಎಷ್ಟು ಸಲ ಊಹೆ ಸರಿಯಾಯಿತು ಎಂಬುದನ್ನಲ್ಲ, ಎಷ್ಟು ಹಣ ಉಳಿಯಿತು ಎಂಬುದನ್ನು. ಇದೇ ಕೆಲಸದಿಂದ ಹುಟ್ಟಿದ ಫೇರ್‌ಕಾಸ್ಟ್ ಕಂಪನಿಯನ್ನು 2008ರಲ್ಲಿ ಮೈಕ್ರೋಸಾಫ್ಟ್ ಕೊಂಡು ಬಿಂಗ್‌ಗೆ ಸೇರಿಸಿತು. ಅಷ್ಟರಲ್ಲಿ ಬಾಯಿಂದ ಬಾಯಿಗೆ ಹರಡಿದ್ದ ಅಂಕಿ ಬೇರೆಯದು: ಊಹೆ ನಾಲ್ಕರಲ್ಲಿ ಮೂರು ಸಲ ಸರಿ. 2014ರಲ್ಲಿ ಮೈಕ್ರೋಸಾಫ್ಟ್ ಆ ಮುನ್ಸೂಚನೆಯನ್ನು ನಿಲ್ಲಿಸಿತು.

ನಾಲ್ಕರಲ್ಲಿ ಮೂರು ಸಲ ಸರಿ ಎಂದರೆ ನಂಬಬಹುದಾದ ಮಾತೇ ಅನಿಸುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಬೆಂಗಳೂರಿನಿಂದ ದೆಹಲಿಗೆ ಹೋಗಲು ಇನ್ನೂ 35 ದಿನ ಇದೆ ಎನ್ನಿ. ಇವತ್ತಿನ ದರ 6,200 ರೂಪಾಯಿ. ಕಳೆದೆರಡು ತಿಂಗಳಲ್ಲಿ ಗೆರೆ 5,800 ಮತ್ತು 6,900ರ ನಡುವೆ ಓಡಾಡಿದೆ, ಮೂರು ಸಲ 5,800 ಮುಟ್ಟಿ ಬಂದಿದೆ. ಪರದೆ ‘ಕಾಯಿರಿ’ ಅನ್ನುತ್ತಿದೆ. ಸಲಹೆ ನಿಜವಾದರೆ 400 ರೂಪಾಯಿ ಉಳಿಯುತ್ತದೆ. ಸುಳ್ಳಾದರೆ? ಅಗ್ಗದ ದರ್ಜೆಗಳು ತುಂಬಿ ದರ 8,200ಕ್ಕೆ ಹಾರಿತು ಅನ್ನೋಣ, ನಷ್ಟ 2,000. ಇಂಥ ಸಲಹೆ ನಂಬಿ ಹನ್ನೆರಡು ಸಲ ಕಾದವರಿಗೆ ಒಂಬತ್ತು ಸಲ ತಲಾ 400, ಒಟ್ಟು 3,600 ಉಳಿಯಿತು. ಉಳಿದ ಮೂರು ಸಲದಲ್ಲಿ 6,000 ಹೋಯಿತು. ಸಲಹೆ ಹೇಳಿದಷ್ಟೇ ನಿಖರವಾಗಿತ್ತು, ಜೇಬಿನಿಂದ ಮಾತ್ರ 2,400 ಸೋರಿತು. ಈ ಲೆಕ್ಕದಲ್ಲಿ ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ಸಮಸಮ ಆಗಬೇಕಾದರೂ ಹನ್ನೆರಡರಲ್ಲಿ ಹತ್ತು ಸಲ ಸಲಹೆ ನಿಜವಾಗಬೇಕು.

ಅಂಕಿಗಳು ನಾನು ಲೆಕ್ಕಕ್ಕೆಂದು ಇಟ್ಟುಕೊಂಡವು, ಆದರೆ ಓರೆ ಮಾತ್ರ ನಿಜದ್ದು. ಹೊರಡುವ ದಿನ ಹತ್ತಿರವಾದಂತೆ ಇಳಿತ ಸಣ್ಣದು, ಏರಿಕೆ ದೊಡ್ಡದು. ಹಾಗಾಗಿ ‘ಕಾಯಿರಿ’ ಎಂದು ಕಂಡಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಎಷ್ಟು ಖಚಿತ ಎಂಬುದಲ್ಲ. ಗೆದ್ದರೆ ಎಷ್ಟು, ಸೋತರೆ ಎಷ್ಟು ಎಂಬುದು. ಗೆರೆಯ ತಳ ಇವತ್ತಿನ ದರಕ್ಕಿಂತ ಎಷ್ಟು ಕೆಳಗಿದೆ ನೋಡಿ, ಗೆಲುವಿನ ಅಂದಾಜು ಸಿಗುತ್ತದೆ. ಅದೇ ವಿಮಾನಕ್ಕೆ ಇನ್ನು ಐದಾರು ದಿನದೊಳಗೆ ಹೋಗುವವರ ದರ ಎಷ್ಟಿದೆ ಎಂದು ಹುಡುಕಿ, ಸೋಲಿನ ಅಂದಾಜು ಸಿಗುತ್ತದೆ.

‘ಈಗಲೇ ಕೊಳ್ಳಿ’ ಎಂಬುದರ ನಿಖರತೆಯದು ಇನ್ನೊಂದು ಕಥೆ. ಕೊನೆಯ ಎರಡು ಮೂರು ವಾರಗಳಲ್ಲಿ ದರ ಏರುವುದೇ ಹೆಚ್ಚು. ಆಷಾಢದಲ್ಲಿ ಆಗುಂಬೆಯಲ್ಲಿ ಕೂತು ದಿನವೂ ‘ನಾಳೆ ಮಳೆ’ ಎನ್ನುವವನ ಮಾತು ಹುಸಿಯಾಗುವುದು ಅಪರೂಪ. ಅಷ್ಟಕ್ಕೇ ಅವನು ಹವಾಮಾನ ಬಲ್ಲವನಾಗುವುದಿಲ್ಲ. ಪ್ರಯಾಣಕ್ಕೆ ಹತ್ತು ದಿನವಿರುವಾಗ ಕಣ್ಣುಮುಚ್ಚಿ ‘ಕೊಳ್ಳಿ’ ಎಂದರೂ ಬಹುಪಾಲು ಸರಿಹೋಗುತ್ತದೆ. ಅದನ್ನೆಲ್ಲ ಸೇರಿಸಿ ನೂರಕ್ಕೆ ಇಷ್ಟು ಎಂದರೆ ಅಂಕಿ ಚೆಂದ ಕಾಣದೆ ಇನ್ನೇನು. ಪರೀಕ್ಷೆ ಇರುವುದು ‘ಕಾಯಿರಿ’ ಎಂದ ದಿನಗಳಲ್ಲಿ.

ಗ್ರಾಫಿನ ಬುದ್ಧಿಯೆಲ್ಲ ಹಿಂದಿನ ದರಗಳಿಂದ ಬಂದದ್ದು. ಹಿಂದೆ ಆಗದಿದ್ದದ್ದು ಆದಾಗ ಅದು ಕೈಚೆಲ್ಲುತ್ತದೆ. 2023ರ ಮೇ 3ರಂದು ಗೋ ಫಸ್ಟ್ ಕಂಪನಿ ಹಾರಾಟ ನಿಲ್ಲಿಸಿತು. ಬೇಸಿಗೆ ರಜೆಯ ಹೊತ್ತು. ಅದು ಹಾರುತ್ತಿದ್ದ ಲೇಹ್, ಶ್ರೀನಗರದಂಥ ಮಾರ್ಗಗಳಲ್ಲಿ ಉಳಿದವರ ದರ ಜಿಗಿಯಿತು. ಏಪ್ರಿಲ್ ಕೊನೆಯ ಗೆರೆ ಎಷ್ಟೇ ಸಮತಟ್ಟಾಗಿ ಕಂಡಿದ್ದರೂ ಅದರಲ್ಲಿ ಈ ಸುದ್ದಿ ಇರಲು ಸಾಧ್ಯವಿರಲಿಲ್ಲ. ಇಷ್ಟು ದೊಡ್ಡ ಆಘಾತವೇ ಬೇಕೆಂದಿಲ್ಲ, ನಮ್ಮ ಪಂಚಾಂಗ ಸಾಕು. 2024ರಲ್ಲಿ ಬಲಿಪಾಡ್ಯಮಿ ಬಂದದ್ದು ನವೆಂಬರ್ 2ಕ್ಕೆ, 2025ರಲ್ಲಿ ಅಕ್ಟೋಬರ್ 22ಕ್ಕೆ. ‘ಈ ಹೊತ್ತಿಗೆ ಮಾಮೂಲಿ ದರ ಇಷ್ಟು’ ಎಂಬುದನ್ನು ಹೋದ ವರ್ಷದ ಅದೇ ತಾರೀಖಿನಿಂದ ತೆಗೆದಿದ್ದರೆ ಹಬ್ಬದ ವಾರಕ್ಕೆ ಹಬ್ಬವಿಲ್ಲದ ವಾರದ ಅಳತೆಗೋಲು ಹಿಡಿದಂತಾಗುತ್ತದೆ. ಹಬ್ಬದ ಆಸುಪಾಸಿನ ದರಕ್ಕೆ ‘ಹೆಚ್ಚು’ ಎಂಬ ಚೀಟಿ ಅಂಟಿದ್ದರೆ ಅದು ಇಳಿಯುತ್ತದೆ ಎಂದೇನೂ ಅರ್ಥವಲ್ಲ. ಆ ವಾರಕ್ಕೆ ಅದೇ ಮಾಮೂಲಿ ಇರಬಹುದು.

ಸಲಹೆ ಕೊಡುವವರು ತಮ್ಮ ಮಾತಿನ ಮೇಲೆ ತಾವೇ ದುಡ್ಡು ಕಟ್ಟುತ್ತಾರೆಯೇ ಎಂಬುದು ಒಳ್ಳೆಯ ಒರೆಗಲ್ಲು. ಫೇರ್‌ಕಾಸ್ಟ್ ಸುಮಾರು ಹತ್ತು ಡಾಲರ್ ಪಡೆದು, ಒಂದು ವಾರದೊಳಗೆ ದರ ಏರಿದರೆ ವ್ಯತ್ಯಾಸ ತುಂಬಿಕೊಡುವ ಏರ್ಪಾಟು ಇಟ್ಟಿತ್ತು. ಗೂಗಲ್ ಅಮೆರಿಕದಿಂದ ಹೊರಡುವ ಕೆಲವು ಆಯ್ದ ಟಿಕೆಟ್‌ಗಳಿಗೆ, ಕೊಂಡ ಮೇಲೆ ದರ ಇಳಿದರೆ ವ್ಯತ್ಯಾಸ ಮರಳಿಸುವ ಭರವಸೆಯನ್ನು ಪ್ರಯೋಗಿಸಿದೆ. ಅಲ್ಲಿಂದ ಡಿಸೆಂಬರ್ ರಜೆಗೆ ಊರಿಗೆ ಬರುವವರು ಈ ಗುರುತು ಕಂಡರೆ ಅದರ ಷರತ್ತುಗಳನ್ನು ಓದುವುದು ಒಳಿತು. ಇಂಥದ್ದೇನೂ ಇಲ್ಲದ ‘ಕಾಯಿರಿ’ ತಪ್ಪಿದರೆ ನಷ್ಟ ಪೂರ್ತಿ ನಮ್ಮದು.

ಕಾಯಲೇಬೇಕೆನ್ನುವವರು ಸಾಮಾನ್ಯವಾಗಿ ಮಾಡುವುದು ಒಂದು ಮಿತಿ ಹಾಕಿಕೊಳ್ಳುವುದು: 6,600 ಮುಟ್ಟಿದರೆ ಕೊಂಡುಬಿಡುತ್ತೇನೆ, ಅಲ್ಲಿಯವರೆಗೆ ಕಾಯುತ್ತೇನೆ. ದರ ಮೆಲ್ಲಗೆ ಏರಿದರೆ ಇದು ಸರಿ. ಆದರೆ ದರ್ಜೆಗಳ ನಡುವಿನ ಅಂತರ ದೊಡ್ಡದಿದ್ದರೆ ದರ 6,200ರಿಂದ ನೇರ 8,200ಕ್ಕೆ ಹೋಗುತ್ತದೆ, 6,600ರಲ್ಲಿ ನಿಲ್ಲುವುದೇ ಇಲ್ಲ.

ಮುಂದಿನ ಮೆಟ್ಟಿಲು ಎಷ್ಟು ಹತ್ತಿರವಿದೆ ಎಂದು ಇಣುಕಿ ನೋಡಲು ಒಂದು ದಾರಿಯುಂಟು, ಅದಕ್ಕೆ ಗ್ರಾಫ್ ಬೇಡ. ನಿಮಗೆ ಬೇಕಾದ ವಿಮಾನವನ್ನು ಮೊದಲು ಒಬ್ಬರಿಗೆ ಹುಡುಕಿ, ಆಮೇಲೆ ಇಬ್ಬರಿಗೆ, ಮೂವರಿಗೆ; ಹೆಚ್ಚಿನ ತಾಣಗಳಲ್ಲಿ ಒಂಬತ್ತರವರೆಗೆ ಹೋಗಬಹುದು. ತಲಾ ದರ ಎಲ್ಲಿ ಹಾರುತ್ತದೆ ನೋಡಿ. ಮೂವರವರೆಗೆ 6,200 ಇದ್ದು ನಾಲ್ವರಿಗೆಂದ ಕೂಡಲೇ ಎಲ್ಲರಿಗೂ 8,200 ತೋರಿಸಿದರೆ ಆ ದರ್ಜೆಯಲ್ಲಿ ಉಳಿದಿರುವುದು ಮೂರೇ ಸೀಟು ಎಂದು ಎಣಿಸಬಹುದು. ನಾಲ್ವರ ಕುಟುಂಬ ಆಗ ಮೂರು ಟಿಕೆಟ್ ಒಂದು ಬುಕಿಂಗ್‌ನಲ್ಲಿ, ನಾಲ್ಕನೆಯದು ಇನ್ನೊಂದರಲ್ಲಿ ಕೊಂಡರೆ ಮೂವರಿಗಾದರೂ ಹಳೆಯ ದರ ಸಿಗುತ್ತದೆ. ಮುಂದೆ ವಿಮಾನದಲ್ಲಿ ಬದಲಾವಣೆಯಾದರೆ ಎರಡು ಬುಕಿಂಗ್‌ಗಳನ್ನೂ ಬೇರೆಬೇರೆಯಾಗಿ ನೋಡಿಕೊಳ್ಳಬೇಕಾಗುತ್ತದೆ ಎಂಬುದೊಂದು ತೊಡಕು. ಒಂಬತ್ತು ಮಂದಿಗೂ ದರ ಅಲುಗದಿದ್ದರೆ, ಪ್ರಯಾಣಕ್ಕೆ 21 ದಿನಕ್ಕಿಂತ ಹೆಚ್ಚು ಉಳಿದಿದ್ದರೆ, ಹಬ್ಬವೂ ಹತ್ತಿರವಿಲ್ಲದಿದ್ದರೆ, ಪರದೆಯ ‘ಕಾಯಿರಿ’ಗೆ ಕಿವಿಗೊಟ್ಟು ಒಂದೆರಡು ದಿನ ನೋಡಬಹುದು. ಮಾರನೆಯ ದಿನ ಅದೇ ಹುಡುಕಾಟದಲ್ಲಿ ಆ ಒಂಬತ್ತು ನಾಲ್ಕಕ್ಕೆ ಇಳಿದಿದ್ದರೆ, ಗೆರೆ ಇನ್ನೂ ಅಲ್ಲೇ ಮಲಗಿದ್ದರೂ ಟಿಕೆಟ್ ತೆಗೆದುಕೊಂಡುಬಿಡಿ.